ಹಿಮ್ಮೇಳದ ಬಾಯಿಗೆ ಸ್ಲೈಡು

ಶ್ರಾವಣದ ಮೊದಲ ಸೋಮವಾರ. ಭಜನೆ ಮುಗಿದು ವೈರು ಸುತ್ತುತ್ತಿದ್ದೆ, ಸೊಲ್ಲಾಪುರದಿಂದ ದೊಡ್ಡವ್ವನ ಫೋನ್ ಬಂತು. "ತಮ್ಮಾ, ಅಕ್ಷರ ಛಲೋ ಕಾಣ್ತಾವು. ಆದ್ರ ಅವು ಬರೂದ್ರಾಗ ಗವಾಯಿಗಳು ಅರ್ಧಾ ಸಾಲು ಹಾಡಿ ಮುಗಿಸಿರ್ತಾರು. ನಾ ಬಾಯಿ ತಗ್ಯೂದ್ರಾಗ ಮತ್ತೊಂದು ಸಾಲು."

ಗದಗ ಹತ್ತಿರದ ನಮ್ಮೂರ ಮಠದಲ್ಲಿ ಶ್ರಾವಣ ಸೋಮವಾರ ಸಂಜೆ ವಚನ, ತತ್ವಪದಗಳ ಭಜನೆ ಇರುತ್ತದೆ. ಊರು ಬಿಟ್ಟವರಿಗೂ ಕಾಣಲಿ ಅಂತ ಯೂಟ್ಯೂಬ್ ಲೈವ್ ಶುರು ಮಾಡಿದ್ದೆವು. ಪರದೆಯ ಕೆಳಗೆ ಸಾಹಿತ್ಯವನ್ನೂ ಹಾಕಿದರೆ ಮನೆಯವರೂ ಹಾಡಬಹುದು ಅಂದವರು ಮಠದ ಸ್ವಾಮಿಗಳಾದ ಅಜ್ಜಾರು. ಕಂಪ್ಯೂಟರ್ ಬಲ್ಲವನು ಅಂತ ಆ ಕೆಲಸ ನನ್ನ ತಲೆಗೆ ಬಂತು. ಒಂದು ಲ್ಯಾಪ್‌ಟಾಪು, ಅದರಲ್ಲಿ ಲೈವ್ ಕಳಿಸುವ ಓಬಿಎಸ್ ಅನ್ನುವ ಸಾಫ್ಟ್‌ವೇರು, ಒಂದು ಕ್ಯಾಮೆರಾ, ಮಿಕ್ಸರ್‌ನಿಂದ ಒಂದು ವೈರು. ಇಷ್ಟೇ ಸಾಮಾನು.

ದೊಡ್ಡವ್ವನ ಮಾತು ಕೇಳಿ ನನ್ನ ಕೈಯೇ ನಿಧಾನ ಅಂದುಕೊಂಡೆ. ಆದರೆ ರೆಕಾರ್ಡಿಂಗ್ ಹಾಕಿ ನೋಡಿದರೆ ವಿಚಿತ್ರ. ಕೆಲವು ಸಾಲು ಒಂದು ಸೆಕೆಂಡು ತಡ, ಕೆಲವು ಹತ್ತಿರತ್ತಿರ ಎರಡು ಸೆಕೆಂಡು. ಮನುಷ್ಯ ತಡ ಮಾಡಿದರೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಡ ಮಾಡುತ್ತಾನೆ, ಅಲ್ವಾ? ಮರುದಿನ ಮನೆಯಲ್ಲಿ ಮೊಬೈಲನ್ನು ಎತ್ತರಕ್ಕೆ ಇಟ್ಟು, ಕೀಬೋರ್ಡಿನ ಮೇಲಿನ ಬೆರಳು ಮತ್ತು ಓಬಿಎಸ್ ಪರದೆ ಎರಡೂ ಕಾಣುವ ಹಾಗೆ ವಿಡಿಯೋ ಮಾಡಿಕೊಂಡೆ. ಹತ್ತು ಸಲ ಒತ್ತಿದೆ. ಬೆರಳು ಬಿದ್ದ ಮೇಲೆ ಅಕ್ಷರ ಬದಲಾಗುವುದಕ್ಕೆ ಒಮ್ಮೆ ಒಂದು ಸೆಕೆಂಡಿನ ಆಸುಪಾಸು, ಒಮ್ಮೆ ಎರಡರ ಹತ್ತಿರ. ತಪ್ಪು ನನ್ನ ಬೆರಳಿನದಲ್ಲ, ನಾನು ಹಿಡಿದ ದಾರಿಯದು.

ನಾನು ಮಾಡಿದ್ದು ಹೀಗೆ. ಓಬಿಎಸ್‌ನಲ್ಲಿ ಟೆಕ್ಸ್ಟ್ ಸೋರ್ಸ್ ಇಟ್ಟು `Read from file` ಅನ್ನುವುದನ್ನು ಟಿಕ್ ಮಾಡಿದ್ದೆ. ಸ್ಪೇಸ್ ಒತ್ತಿದರೆ ಮುಂದಿನ ಸಾಲು `pada.txt` ಫೈಲಿಗೆ ಹೋಗುವಂಥ ಸಣ್ಣ ಸ್ಕ್ರಿಪ್ಟ್ ಬರೆದಿದ್ದೆ. ಜಾಣತನ ಅಂತ ಖುಷಿಪಟ್ಟಿದ್ದೆ ಕೂಡ. ಆದರೆ ಆ ಸೋರ್ಸು ಫೈಲನ್ನು ಕಣ್ಣು ಮುಚ್ಚದೆ ನೋಡುತ್ತಾ ಕೂರುವುದಿಲ್ಲ. ಸೆಕೆಂಡಿಗೊಮ್ಮೆ ಇಣುಕುತ್ತದೆ. ಫೈಲು ಬದಲಾಗಿದೆ ಅಂತ ಒಂದು ಇಣುಕಿನಲ್ಲಿ ಗೊತ್ತಾದರೆ, ಹೊಸ ಸಾಲನ್ನು ಓದಿ ತೋರಿಸುವುದು ಅದರ ಮುಂದಿನ ಇಣುಕಿನಲ್ಲಿ. ಹಾಡುಗಾರರ ಹೆಸರು ತೋರಿಸುವುದಕ್ಕೆ ಇದು ಸಾಕು. ಹಾಡಿನ ಸಾಲಿಗೆ ಎರಡು ಸೆಕೆಂಡು ಅಂದರೆ ಅರ್ಧ ಸಾಲೇ ಹೋಯಿತು.

ಸ್ಕ್ರಿಪ್ಟು ಬಿಟ್ಟೆ, ಪವರ್‌ಪಾಯಿಂಟಿಗೆ ಬಂದೆ. ಎಲ್ಲ ಸ್ಲೈಡಿಗೂ ಹಸಿರು ಹಿನ್ನೆಲೆ, ಕೆಳಭಾಗದಲ್ಲಿ ಬಿಳಿ ಅಕ್ಷರದ ಎರಡು ಸಾಲು. ಸ್ಲೈಡ್ ಶೋವನ್ನು ಕಿಟಕಿಯಲ್ಲಿ ಓಡಿಸಿ, ಆ ಕಿಟಕಿಯನ್ನು ಓಬಿಎಸ್‌ನಲ್ಲಿ ಹಿಡಿದು, ಕ್ರೋಮಾ ಕೀ ಫಿಲ್ಟರ್ ಹಾಕಿದರೆ ಹಸಿರು ಮಾಯ, ಅಕ್ಷರ ಮಾತ್ರ ಕ್ಯಾಮೆರಾ ಚಿತ್ರದ ಮೇಲೆ ನಿಲ್ಲುತ್ತದೆ. ಒತ್ತಿದ ಕೂಡಲೇ ಬದಲಾಗುತ್ತದೆ. ಒಂದೇ ಎಚ್ಚರ ಬೇಕು: ಮಧ್ಯೆ ಓಬಿಎಸ್ ಮೇಲೆ ಏನಾದರೂ ಕ್ಲಿಕ್ ಮಾಡಿದರೆ ಆಮೇಲೆ ನಾವು ಒತ್ತುವ ಕೀ ಸ್ಲೈಡಿಗೆ ಹೋಗುವುದಿಲ್ಲ. ಮತ್ತೆ ಸ್ಲೈಡಿನ ಕಿಟಕಿ ಮುಟ್ಟಬೇಕು. ಪ್ರೆಸ್ಸಿನವರು ಕೊಟ್ಟ ಸಾಹಿತ್ಯ ಹಳೇ 'ನುಡಿ' ಫಾಂಟಿನಲ್ಲಿತ್ತು, ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅದನ್ನು ಯೂನಿಕೋಡಿಗೆ ಬದಲಿಸಿ ತಿದ್ದುವುದಕ್ಕೆ ಎರಡು ರಾತ್ರಿ ಹೋದವು. ಆ ಕಥೆ ಬೇರೆ.

ಎರಡನೇ ಸೋಮವಾರ ಸ್ಲೈಡು ಚುರುಕಾಗಿತ್ತು. ಆದರೂ ಹಾಡುವುದಕ್ಕೆ ಆಗಲಿಲ್ಲವಂತೆ ದೊಡ್ಡವ್ವನಿಗೆ. "ಈಗ ಲಗೂ ಬರ್ತಾವು, ಲಗೂನ ಹೋಗ್ತಾವು" ಅಂದಳು.

ಇದು ಅರ್ಥವಾಗಲು ನಾನು ಗವಾಯಿಗಳ ಮನೆಗೇ ಹೋಗಬೇಕಾಯಿತು. ಹಾರ್ಮೋನಿಯಂ ಪೆಟ್ಟಿಗೆ ಮುಂದಿಟ್ಟುಕೊಂಡು ಅವರು ಕೇಳಿದರು, "ನೀ ಯಾರ ಸಲುವಾಗಿ ಅಕ್ಷರ ಹಾಕ್ತಿ? ನನ್ನ ಸಲುವಾಗಿ ಏನು? ನನಗ ಬಾಯಿಪಾಠ ಅದ." ನಗು ಬಂತು, ಆದರೆ ತಪ್ಪು ಅಲ್ಲೇ ಇತ್ತು. ನಾನು ಗವಾಯಿಗಳ ಬಾಯಿ ಹಿಂಬಾಲಿಸುತ್ತಿದ್ದೆ. ಭಜನೆಯಲ್ಲಿ ಅವರು ಒಂದು ಸಾಲು ಹೇಳುತ್ತಾರೆ, ಹಿಮ್ಮೇಳದವರು ಅದನ್ನೇ ತಿರುಗಿ ಹೇಳುತ್ತಾರೆ. ಮನೆಯಲ್ಲಿ ಕೂತವರು ಹಾಡುವುದು ಹಿಮ್ಮೇಳದ ಜೊತೆ. ಗವಾಯಿಗಳು ಹೇಳುವಾಗ ಅವರು ಓದಿಕೊಳ್ಳುತ್ತಾರೆ. ನಾನು ಗವಾಯಿಗಳು ಸಾಲು ಮುಗಿಸಿದ ಕೂಡಲೇ ಮುಂದಿನದಕ್ಕೆ ಹಾರುತ್ತಿದ್ದೆ, ಅಂದರೆ ಜನ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಅವರ ಸಾಲು ಕಿತ್ತುಕೊಳ್ಳುತ್ತಿದ್ದೆ.

ಅಂದಿನಿಂದ ಲೆಕ್ಕ ಬದಲಾಯಿತು. ಹಿಮ್ಮೇಳದವರು ಸಾಲಿನ ಕೊನೆಯ ಪದಕ್ಕೆ ಬಂದಾಗ ಒತ್ತುವುದು. ಆ ಪದ ಆಗಲೇ ಓದಿ ಆಗಿರುತ್ತದೆ, ಬಾಯಿ ತಾನೇ ಮುಗಿಸುತ್ತದೆ, ಕಣ್ಣು ಮುಂದಿನ ಸಾಲಿಗೆ ಹೋಗುತ್ತದೆ. ಗವಾಯಿಗಳು ಹೊಸ ಸಾಲು ಎತ್ತುವ ಹೊತ್ತಿಗೆ ಸುಮಾರು ಒಂದು ಸೆಕೆಂಡಿನಿಂದ ಅದು ಪರದೆಯ ಮೇಲೆ ಇದ್ದಿರುತ್ತದೆ. ಸ್ವರ ಎದ್ದ ಮೇಲೆ ಒತ್ತಿದರೆ ಎಷ್ಟೇ ಚುರುಕಿದ್ದರೂ ತಡವೇ.

ಆದರೆ ವಚನದಲ್ಲಿ ಮುಂದಿನ ಸಾಲು ಯಾವುದು ಅನ್ನುವುದೇ ಗೊತ್ತಿರುವುದಿಲ್ಲ! ತತ್ವಪದಕ್ಕೆ ಪಲ್ಲವಿ ಇದೆ, ನುಡಿ ಇದೆ, ನುಡಿ ಮುಗಿದರೆ ಪಲ್ಲವಿಗೆ ಬರುತ್ತಾರೆ ಅನ್ನುವ ಭರವಸೆ ಇದೆ. ವಚನ ಹಾಗಲ್ಲ. ಅದಕ್ಕೆ ಪಲ್ಲವಿಯನ್ನು ಮಾಡಿಕೊಳ್ಳುವವರು ಹಾಡುವವರೇ. ಬಸವಣ್ಣನವರ 'ಉಳ್ಳವರು ಶಿವಾಲಯವ ಮಾಡುವರು' ವಚನವನ್ನೇ ತಗೊಳ್ಳಿ. ಪುಸ್ತಕ ನೋಡಿ ನಾನು ಐದು ಸಾಲಿಗೆ ಐದು ಸ್ಲೈಡು ಮಾಡಿದ್ದೆ. ಮೂರನೆಯದರಲ್ಲಿ ಕಾಲು, ದೇಹ, ಶಿರ ಮೂರೂ ಒಂದೇ ಉದ್ದ ಸಾಲು. ಗವಾಯಿಗಳು ಹಾಡುವಾಗ 'ಎನ್ನ ಕಾಲೇ ಕಂಬ, ದೇಹವೇ ದೇಗುಲ' ಅಂತ ಉಸಿರು ನಿಲ್ಲಿಸಿ, ಅಲ್ಲೇ ಮೂರು ನಾಲ್ಕು ಸಲ ಬೇರೆ ಬೇರೆ ರೀತಿ ತಿರುಗಿಸಿ, ಹಿಮ್ಮೇಳಕ್ಕೆ ಕೊಟ್ಟು, ಆಮೇಲೆ ಶಿರಕ್ಕೆ ಏರುತ್ತಿದ್ದರು. ಅಲ್ಲಿಂದ ಮುಂದಕ್ಕೆ ಹೋಗದೆ 'ನಾನೇನ ಮಾಡುವೆ'ಗೆ ವಾಪಸು ಬರುತ್ತಿದ್ದರು.

ಹಾಗಾಗಿ ಸ್ಲೈಡು ಮುರಿಯಬೇಕಾದ್ದು ಪುಸ್ತಕದ ಸಾಲಿನಲ್ಲಿ ಅಲ್ಲ, ಅವರ ಉಸಿರಿನಲ್ಲಿ. ಮೊದಲ ಎರಡು ಸಾಲು ಸೇರಿಸಿ ಒಂದು ಸ್ಲೈಡು, ಅದೇ ಪಲ್ಲವಿ. ಕಾಲು ಮತ್ತು ದೇಹ ಇನ್ನೊಂದು. ಶಿರ ಒಂದೇ ಬೇರೆ. ಕೂಡಲಸಂಗಮದೇವನಿಂದ ಕೊನೆಯವರೆಗೆ ಒಂದು. ಐದು ಹೋಗಿ ನಾಲ್ಕಾಯಿತು. ವಾಪಸು ಹೋಗುವುದಕ್ಕೆ ಹಿಂದಿನ ಬಾಣದ ಕೀ ಟಕಟಕ ಒತ್ತಿದರೆ ಮಧ್ಯದ ಸ್ಲೈಡುಗಳೆಲ್ಲ ಮಿಂಚಿ ಹೋಗುತ್ತವೆ. ಅದರ ಬದಲು ಸ್ಲೈಡಿನ ನಂಬರು ಹೊಡೆದು ಎಂಟರ್ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ. ಪಲ್ಲವಿಗಳು ನೆನಪಿರಲಿ ಅಂತ ಒಂದೊಂದು ಹಾಡನ್ನೂ 11, 21, 31ರಿಂದ ಶುರು ಮಾಡಿದೆ, ಮಧ್ಯೆ ಉಳಿದ ನಂಬರಿಗೆಲ್ಲ ಖಾಲಿ ಹಸಿರು ಸ್ಲೈಡು. ನಂಬರು ಮೊದಲೇ ಹೊಡೆದಿಟ್ಟುಕೊಂಡು ಎಂಟರ್ ಮೇಲೆ ಬೆರಳು ಇಟ್ಟು ಕಾಯುವುದು.

ಯಾವಾಗ ವಾಪಸು ಬರುತ್ತಾರೆ ಅನ್ನುವುದನ್ನು ತಬಲಾ ಹೇಳುತ್ತದೆ. ಒಂದೇ ತುಂಡನ್ನು ಮೂರು ಸಲ ಬಾರಿಸಿ ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಬಿದ್ದರೆ ಅದು ತಿಹಾಯಿ, ನಮ್ಮ ಗವಾಯಿಗಳು ಬಹಳ ಮಟ್ಟಿಗೆ ಅಲ್ಲಿಂದಲೇ ಪಲ್ಲವಿ ಎತ್ತುತ್ತಾರೆ. ಮೂರರಲ್ಲಿ ಎರಡನೆಯದು ಕೇಳಿದಾಗ ನಾನು ನಂಬರು ಹೊಡೆಯುತ್ತೇನೆ, ಮೂರನೆಯದರ ಮಧ್ಯೆ ಎಂಟರ್. ಆಲಾಪಕ್ಕೆ ಏನೂ ಮುಟ್ಟುವುದಿಲ್ಲ, ಸಾಲು ಹಾಗೇ ಇರಲಿ.

ಮೂರನೇ ಸೋಮವಾರ ಮತ್ತೊಂದು ಅವಾಂತರ. ಮಧ್ಯೆ ಅಜ್ಜಾರು ಮಾತಾಡಲು ಶುರು ಮಾಡಿದರು, ಅಕ್ಷರ ತೆಗೆಯಬೇಕು. ಪವರ್‌ಪಾಯಿಂಟಿನಲ್ಲಿ ಬಿ ಒತ್ತಿದರೆ ಸ್ಲೈಡು ಖಾಲಿಯಾಗುತ್ತದೆ ಅಂತ ಗೊತ್ತಿತ್ತು, ಒತ್ತಿದೆ. ಖಾಲಿಯಾಗುವುದು ಅಂದರೆ ಕಪ್ಪಾಗುವುದು. ಕ್ರೋಮಾ ಕೀ ತೆಗೆಯುವುದು ಹಸಿರನ್ನು, ಕಪ್ಪನ್ನಲ್ಲ. ನೋಡುವವರಿಗೆಲ್ಲ ಪೂರ್ತಿ ಕತ್ತಲು, ಒಳಗಿಂದ ಅಜ್ಜಾರ ದನಿ ಮಾತ್ರ.

ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಲೈವ್ ನೋಡುತ್ತಿದ್ದ ಕಾಕಾ ಅಂತೂ ಅರ್ಧ ನಿಮಿಷ "ಕತ್ತಲಾತು, ಕತ್ತಲಾತು" ಅಂತ ಕೈ ಬೀಸುತ್ತಲೇ ಇದ್ದ. ನಾನು ಆಗಲೇ ಸರಿ ಮಾಡಿದ್ದೆ. ಅವನ ಮೊಬೈಲಿಗೆ ಅದು ತಲುಪುವುದಕ್ಕೆ ಹದಿನೈದು ಇಪ್ಪತ್ತು ಸೆಕೆಂಡು ಬೇಕು. ಅವನ ಕೈ ನೋಡಿ ಗಾಬರಿಯಾಗಿ ಮತ್ತೆ ಬಿ ಒತ್ತಿಬಿಟ್ಟೆ, ಇನ್ನೊಂದು ಸುತ್ತು ಕತ್ತಲು. ಮೊದಲ ವಾರ ನಾನೂ ಮೊಬೈಲ್ ನೋಡಿ ಸ್ಲೈಡು ಹೊಂದಿಸಲು ಹೋಗಿದ್ದೆ, ಹುಚ್ಚು ಕೆಲಸ. ಆ ವಿಳಂಬ ಧ್ವನಿ, ಚಿತ್ರ, ಅಕ್ಷರ ಮೂರಕ್ಕೂ ಒಂದೇ. ಓಬಿಎಸ್‌ನಲ್ಲೇ ಮೂರೂ ಒಂದಾಗಿ ಹೋಗಿರುತ್ತವೆ. ಹಾಗಾಗಿ ನೋಡುವವರಿಗೆ ಎಷ್ಟೇ ತಡವಾಗಿ ಬಂದರೂ ಸಾಲು ತಪ್ಪುವುದಿಲ್ಲ. ನಾನು ಕೇಳಬೇಕಾದ್ದು ಸಭೆಯ ಧ್ವನಿ, ಅಷ್ಟೇ. ಕಾಕಾನನ್ನು ಮುಂದಿನ ವಾರದಿಂದ ಪ್ರಸಾದದ ಕಡೆ ಕಳಿಸಿದೆವು.

ಹಾಳಾದ ಮೊದಲ ವಾರದ ಲೈವ್ ತೆಗೆದುಹಾಕಿ, ಕ್ಯಾಮೆರಾದ ಕಾರ್ಡಿನಲ್ಲಿದ್ದ ಅಕ್ಷರವಿಲ್ಲದ ರೆಕಾರ್ಡಿಂಗನ್ನು ಹೊಸದಾಗಿ ಹಾಕಿದೆವು. ಅದಕ್ಕೆ ಸಬ್‌ಟೈಟಲ್ ಫೈಲು ಮಾಡಿದೆ. ಒಂದು ತುಣುಕು ಹೀಗಿದೆ:

```
12
00:14:02,300 --> 00:14:21,800
ಎನ್ನ ಕಾಲೇ ಕಂಬ
ದೇಹವೇ ದೇಗುಲ
```

ಗವಾಯಿಗಳ ಸ್ವರ ಏಳುವುದು 14 ನಿಮಿಷ 3 ಸೆಕೆಂಡು ದಾಟಿದ ಮೇಲೆ. ಸಾಲನ್ನು ಸುಮಾರು ಒಂದು ಸೆಕೆಂಡು ಮುಂಚೆ ತಂದಿದ್ದೇನೆ. ಮುಗಿಯುವ ಸಮಯ ಹಿಮ್ಮೇಳದ ಕೊನೆಯ 'ದೇಗುಲ'ಕ್ಕೆ. ಮಾತಿನ ಸಬ್‌ಟೈಟಲ್ ಮಾಡುವವರು ಹತ್ತೊಂಬತ್ತು ಸೆಕೆಂಡು ಒಂದೇ ಸಾಲು ನೋಡಿದರೆ ಬೈದಾರು, ಹಾಡಿಗೆ ಅದೇ ಸರಿ. ಫೈಲನ್ನು ಯುಟಿಎಫ್-8ರಲ್ಲಿ ಉಳಿಸದಿದ್ದರೆ ಕನ್ನಡ ಹೋಗಿ ಪ್ರಶ್ನೆ ಚಿಹ್ನೆಗಳು ಬರಬಹುದು. ಆಮೇಲೆ ವಿಡಿಯೋದ ಶುರುವಿನ ಮೈಕ್ ಪರೀಕ್ಷೆಯ ಭಾಗ ಕತ್ತರಿಸಿದಾಗ ಎಲ್ಲ ಸಾಲೂ ತಪ್ಪಿದವು. ಮೊದಲ ಸಾಲು ಎಷ್ಟು ತಪ್ಪಿತ್ತೋ ಕೊನೆಯದೂ ಅಷ್ಟೇ ತಪ್ಪಿತ್ತು, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಹಿಂದಕ್ಕೆ ಸರಿಸಿದರೆ ಸಾಕಾಯಿತು.

ನಾಲ್ಕನೇ ಸೋಮವಾರ ಚೆನ್ನಾಗಿ ನಡೆದಿತ್ತು. ಕೊನೆಗೆ ಗವಾಯಿಗಳು ಪೆಟ್ಟಿಗೆಯ ಮೇಲೆ ಭೈರವಿ ಎಳೆದು, ನನ್ನ ಕಡೆ ಒಮ್ಮೆ ನೋಡಿ ನಕ್ಕು, ಪಟ್ಟಿಯಲ್ಲೇ ಇಲ್ಲದ ಪದ ಎತ್ತಿದರು. ನಾನು 99 ಹೊಡೆದು ಎಂಟರ್ ಒತ್ತಿದೆ. ಅದು ಖಾಲಿ ಹಸಿರು. ಪರದೆಯ ಮೇಲೆ ಅವರ ಮುಖ ಮಾತ್ರ.

ರಾತ್ರಿ ದೊಡ್ಡವ್ವ ಫೋನಿನಲ್ಲಿ, "ಕಡೀ ಪದಕ್ಕ ಅಕ್ಷರ ಹಾಕಲಿಲ್ಲಲ್ಲೋ" ಅಂದಳು. ಹಾಡಿದೆಯೋ ಇಲ್ಲವೋ ಅಂತ ಕೇಳಿದೆ. "ಅದನ್ನ ನನಗ ನಮ್ಮವ್ವ ಕಲಿಸ್ಯಾಳ" ಅಂದಳು.