ಹೆಸರಿನ ಕೆಳಗೆ ಒಂದು ಸಾಲು, ಮೇಲ್ ಕೊನೆಗೆ ಇನ್ನೊಂದು

"ಕೆಲಸ ಬಿಟ್ಟು ಸ್ವಂತವಾಗಿ ಕನ್ಸಲ್ಟಿಂಗ್ ಶುರು ಮಾಡಿದ್ದೀನಿ. ಲಿಂಕ್ಡ್‌ಇನ್ ಪ್ರೊಫೈಲ್‌ನಲ್ಲಿ ಹೆಸರಿನ ಕೆಳಗೆ ಒಂದು ಸಾಲು ಬೇಕು, ಇಮೇಲ್ ಸಹಿಗೆ ಒಂದು ಟ್ಯಾಗ್‌ಲೈನ್ ಬೇಕು. ಏನು ಬರೀಲಿ? ಎರಡಕ್ಕೂ ಒಂದೇ ಹಾಕಿದ್ರೆ ಆಗಲ್ವಾ?"

ಹಾಕಬಹುದು, ಯಾರೂ ಬೇಡ ಅನ್ನಲ್ಲ. ಆದರೆ ಈ ಎರಡು ಸಾಲುಗಳನ್ನು ಓದುವವರು ಬೇರೆ ಬೇರೆ ಜನ. ಪ್ರೊಫೈಲ್ ಸಾಲು ಓದುವವರಿಗೆ ನೀವು ಯಾರು ಅಂತಲೇ ಗೊತ್ತಿರಲ್ಲ. ಏನೋ ಹುಡುಕುತ್ತಾ ಬಂದಿರುತ್ತಾರೆ, ಪಟ್ಟಿಯಲ್ಲಿ ಇಪ್ಪತ್ತು ಹೆಸರು ಇರುತ್ತವೆ, ಅದರಲ್ಲಿ ನಿಮ್ಮದೂ ಒಂದು. ಮೇಲ್ ಬಂದವರಿಗೆ ನೀವು ಆಗಲೇ ಗೊತ್ತು, ನಿಮ್ಮ ಸಹಿ ಅವರಿಗೆ ಬೇಕಾಗಿಯೇ ಇಲ್ಲ. ಹಾಗಾದರೆ ಅದು ಯಾರಿಗೆ? ಅವರು ನಿಮ್ಮ ಮೇಲ್‌ನ ಫಾರ್ವರ್ಡ್ ಮಾಡ್ತಾರಲ್ಲ, ಆ ಮೂರನೆಯವರಿಗೆ. "ಇವರ ಹತ್ತಿರ ಒಂದ್ಸಲ ಮಾತಾಡಿ ನೋಡಿ" ಅಂತ ಒಂದು ಗೆರೆ ಬರೆದು ಕಳಿಸಿಬಿಡುತ್ತಾರೆ. ಆ ಮೂರನೆಯವರು ಮೇಲ್‌ನ ಮಧ್ಯದ ಮಾತೆಲ್ಲ ಬಿಟ್ಟು ಕೆಳಗಿಳಿದು ಇವರು ಯಾರಪ್ಪಾ ಅಂತ ನೋಡುತ್ತಾರೆ. ಸ್ವಂತ ಕೆಲಸ ಮಾಡುವವರಿಗೆ ಹೊಸ ಕೆಲಸ ಬಹಳಷ್ಟು ಸಲ ಹೀಗೇ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗಿ ಬರೋದು, ಆದ್ದರಿಂದ ಈ ಜಾಗ ಸಣ್ಣದಲ್ಲ.

ಒಂದು ಉದಾಹರಣೆ ಹಿಡಿದೇ ಹೇಳ್ತೀನಿ. ನನಗೆ ಪರಿಚಯದ ಒಬ್ಬರು ಕಾರ್ಖಾನೆಗಳ ಸ್ಪೇರ್ ಪಾರ್ಟ್ಸ್ ಸ್ಟೋರ್ ಸರಿಮಾಡಿಕೊಡುತ್ತಾರೆ. ಯಾವ ಬೇರಿಂಗ್, ಯಾವ ಸೀಲ್, ಯಾವ ಮೋಟರ್ ಎಷ್ಟು ಇಟ್ಟಿರಬೇಕು, ಯಾವುದನ್ನು ಇಡಲೇಬಾರದು, ಎಷ್ಟಕ್ಕೆ ಇಳಿದಾಗ ಮತ್ತೆ ಆರ್ಡರ್ ಹಾಕಬೇಕು ಅಂತ ಲೆಕ್ಕ ಹಾಕಿ ಕೊಡೋದು ಅವರ ಕೆಲಸ. ಅವರ ಪ್ರೊಫೈಲ್ ಸಾಲು ಹೀಗಿತ್ತು: "ಸ್ವತಂತ್ರ ಸಲಹೆಗಾರ್ತಿ | ಸಪ್ಲೈ ಚೈನ್ ತಜ್ಞೆ | ಬದಲಾವಣೆಯ ಪಾಲುದಾರೆ | ಸದಾ ವಿದ್ಯಾರ್ಥಿನಿ". ಸುಳ್ಳು ಒಂದೂ ಇಲ್ಲ. ಆದರೆ ಸ್ಟೋರ್, ಬೇರಿಂಗ್, ಸ್ಪೇರ್, ಯಾವುದೂ ಇಲ್ಲ. "ಬದಲಾವಣೆಯ ಪಾಲುದಾರೆ" ಅನ್ನೋದನ್ನು ಸಾಫ್ಟ್‌ವೇರ್ ಮಾರುವವರೂ ಹಾಕಿಕೊಳ್ಳಬಹುದು, ಯೋಗ ಹೇಳಿಕೊಡುವವರೂ ಹಾಕಿಕೊಳ್ಳಬಹುದು.

ಇನ್ನೊಂದು ತೊಂದರೆ ಜಾಗದ್ದು. ಲಿಂಕ್ಡ್‌ಇನ್ ಈ ಸಾಲಿಗೆ 220 ಅಕ್ಷರ ಕೊಡುತ್ತೆ. ಅಷ್ಟಿದೆಯಲ್ಲ ಅಂತ ಜನ ತುಂಬಿಸಿಬಿಡುತ್ತಾರೆ. ಆದರೆ ಅದು ಪೂರ್ತಿ ಕಾಣೋದು ಯಾರಾದರೂ ನಿಮ್ಮ ಪುಟ ತೆರೆದಾಗ ಮಾತ್ರ. ಫೋನಿನಲ್ಲಿ, ಹುಡುಕಿದಾಗ ಬರುವ ಪಟ್ಟಿಯಲ್ಲಿ, ಯಾರದೋ ಪೋಸ್ಟ್ ಕೆಳಗೆ ನೀವು ಕಾಮೆಂಟ್ ಹಾಕಿದಾಗ, ಮೊದಲ ಕೆಲವು ಪದ ತೋರಿಸಿ ಮೂರು ಚುಕ್ಕಿ ಇಟ್ಟು ಕತ್ತರಿಸುತ್ತೆ. ಇವರದ್ದು "ಸ್ವತಂತ್ರ ಸಲಹೆಗಾರ್ತಿ | ಸಪ್ಲೈ ಚೈನ್…" ಅಂತ ನಿಲ್ಲುತ್ತಿತ್ತು. ಅಂದರೆ ಇದ್ದ ಒಳ್ಳೆ ಜಾಗವನ್ನೆಲ್ಲ ಏನೂ ಹೇಳದ ಪದಗಳೇ ನುಂಗಿದ್ದವು. (ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು: ಕಂಪ್ಯೂಟರು ಒತ್ತಕ್ಷರ, ಗುಣಿತ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತೆ. "ಸ್ಟೋರ್" ಕಣ್ಣಿಗೆ ಎರಡು ಅಕ್ಷರ, ಅದರ ಲೆಕ್ಕಕ್ಕೆ ಆರು. ಜಾಗ ನೀವಂದುಕೊಂಡದ್ದಕ್ಕಿಂತ ಬೇಗ ಮುಗಿಯುತ್ತೆ.)

ಸರಿಯಾದ ಪದ ಎಲ್ಲಿ ಸಿಗುತ್ತೆ? ತಲೆ ಕೆರೆದುಕೊಂಡು ಕೂತರೆ ಸಿಗಲ್ಲ. ನಿಮಗೆ ಕೆಲಸ ಕೊಟ್ಟವರು ಮೊದಲ ಸಲ ಫೋನ್ ಮಾಡಿದಾಗ, ಅಥವಾ ಮೊದಲ ಮೇಲ್‌ನಲ್ಲಿ, ಏನಂದಿದ್ದರು ಅಂತ ಹಿಂದಕ್ಕೆ ಹೋಗಿ ನೋಡಿ. ನಾವು ಅವರ ಹಳೇ ಮೇಲ್ ತೆಗೆದು ನೋಡಿದೆವು. ಒಬ್ಬ ಮೇಂಟೆನೆನ್ಸ್ ಮ್ಯಾನೇಜರ್ ಬರೆದಿದ್ದರು: "ಸ್ಟೋರ್ ತುಂಬಾ ಸಾಮಾನಿದೆ ಮೇಡಂ, ಬೇಕಾದ ಬೇರಿಂಗ್ ಮಾತ್ರ ಇಲ್ಲ." ಇದಕ್ಕಿಂತ ಚೆನ್ನಾಗಿ ಯಾವ ಬರಹಗಾರ ಹೇಳ್ತಾನೆ ಹೇಳಿ? ಯಾರಿಗೆ ಕಷ್ಟ, ಏನು ಕಷ್ಟ, ಎರಡೂ ಅದರಲ್ಲೇ ಇದೆ. ಅದನ್ನೇ ಸ್ವಲ್ಪ ತಿರುಗಿಸಿದೆವು: "ಕಾರ್ಖಾನೆಗಳ ಸ್ಪೇರ್ ಪಾರ್ಟ್ಸ್: ಬೇಡದ್ದು ಕಡಿಮೆ, ಬೇಕಾದ್ದು ಕೈಗೆ ಸಿಗುವ ಹಾಗೆ. ಸ್ವತಂತ್ರ ಸಲಹೆಗಾರ್ತಿ." ಇದರಲ್ಲೂ ಒಂದು ಎಡವಟ್ಟಿತ್ತು, ಆಮೇಲೆ ಹೇಳ್ತೀನಿ.

ಈಗ ಸಹಿಗೆ ಬನ್ನಿ. ಮೊದಲು ಅವರಿಗೆ ಇಷ್ಟವಾಗಿದ್ದ ಟ್ಯಾಗ್‌ಲೈನ್ "ನಿಮ್ಮ ಯಂತ್ರ ನಿಲ್ಲದಂತೆ ನೋಡಿಕೊಳ್ಳುತ್ತೇನೆ". ಕೇಳೋಕೆ ಚೆನ್ನಾಗಿದೆ. ನಾನು ಬೇಡ ಅಂದೆ. ಯಂತ್ರ ನಿಲ್ಲೋದು ನೂರು ಕಾರಣಕ್ಕೆ. ಎಣ್ಣೆ ಹಾಕದಿದ್ದರೆ ನಿಲ್ಲುತ್ತೆ, ಕರೆಂಟ್ ಹೋದರೆ ನಿಲ್ಲುತ್ತೆ, ನಡೆಸುವವರು ಗಮನ ಕೊಡದಿದ್ದರೆ ನಿಲ್ಲುತ್ತೆ. ಇವರ ಕೈಯಲ್ಲಿರೋದು ಸ್ಟೋರ್‌ನಲ್ಲಿ ಸ್ಪೇರ್ ಇದೆಯೋ ಇಲ್ಲವೋ ಅನ್ನೋದಷ್ಟೇ. ನಿಮ್ಮ ಹಿಡಿತದಲ್ಲಿ ಇಲ್ಲದ್ದನ್ನು ಸಹಿಯಲ್ಲಿ ಬರೆದರೆ ಅದು ಪ್ರತಿ ಮೇಲ್‌ನಲ್ಲೂ ಕೊಟ್ಟ ಮಾತಾಗುತ್ತೆ, ಮುಂದೊಂದು ದಿನ ಅದೇ ಮೇಲ್ ತೆಗೆದು ನಿಮ್ಮ ಮುಂದೆ ಇಡುತ್ತಾರೆ.

ಇದಕ್ಕೆ ನಾನು ಮಾಡುವ ಪರೀಕ್ಷೆ ಒಂದೇ. ನೀವು ಕಳಿಸಬೇಕಾಗಿ ಬರಬಹುದಾದ ಅತಿ ಕೆಟ್ಟ ಮೇಲ್ ಬರೆಯಿರಿ, ಅದರ ಕೆಳಗೆ ಟ್ಯಾಗ್‌ಲೈನ್ ಇಟ್ಟು ಓದಿ. "ಸರ್, ಆರ್ಡರ್ ಮಾಡಿದ ಸೀಲ್ ಬರೋದು ಇನ್ನೊಂದು ವಾರ ತಡವಾಗುತ್ತದೆ, ಅಲ್ಲಿವರೆಗೆ ಎರಡನೇ ಲೈನ್ ನಿಲ್ಲಿಸಬೇಕಾಗಬಹುದು." ಅದರ ಕೆಳಗೆ "ನಿಮ್ಮ ಯಂತ್ರ ನಿಲ್ಲದಂತೆ ನೋಡಿಕೊಳ್ಳುತ್ತೇನೆ". ಓದಿದವರಿಗೆ ಉರಿಯದೆ ಇರುತ್ತಾ? ಬಾಕಿ ಬಿಲ್ ಕೇಳುವ ಮೇಲ್‌ಗೂ ಹೀಗೇ ಇಟ್ಟು ನೋಡಿ. ತಮಾಷೆಯ ಟ್ಯಾಗ್‌ಲೈನ್, "ಬನ್ನಿ, ಬೆಳೆಯೋಣ" ಥರದ ಉತ್ಸಾಹದ ಟ್ಯಾಗ್‌ಲೈನ್, ಪ್ರಶ್ನೆ ಕೇಳುವ ಟ್ಯಾಗ್‌ಲೈನ್, ಎಲ್ಲ ಇಲ್ಲೇ ಬಿದ್ದುಹೋಗುತ್ತವೆ. ಸಹಿ ಒಂದೇ ಸಲ ಓದುವ ಸಾಲಲ್ಲ. ಒಬ್ಬರೇ ಮತ್ತೆ ಮತ್ತೆ ನೋಡ್ತಾರೆ, ಹತ್ತನೇ ಸಲಕ್ಕೆ ಜಾಣತನ ಕಿರಿಕಿರಿ ಆಗುತ್ತೆ.

ಕೊನೆಗೆ ನಿಂತದ್ದು ಇದು:

```
-- 
(ಹೆಸರು)
ಸ್ವತಂತ್ರ ಸಲಹೆಗಾರ್ತಿ, ಕಾರ್ಖಾನೆ ಸ್ಪೇರ್ ಸ್ಟಾಕ್
ಸ್ಟೋರ್‌ನಲ್ಲಿ ಯಾವ ಸ್ಪೇರ್ ಎಷ್ಟಿರಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.
(ಫೋನ್)
```

ಸಪ್ಪೆ ಅನಿಸುತ್ತಾ? ಅನಿಸಲಿ. ಇದನ್ನು ಆ ಕೆಟ್ಟ ಮೇಲ್ ಕೆಳಗೆ ಇಡಿ, ಏನೂ ಮುಜುಗರ ಆಗಲ್ಲ. ಫಾರ್ವರ್ಡ್ ಆದ ಮೇಲ್‌ನಲ್ಲಿ ಮೂರನೆಯವರು ಓದಲಿ, ಯಾವ ಕೆಲಸಕ್ಕೆ ಕರೆಯಬೇಕು ಅಂತ ಗೊತ್ತಾಗುತ್ತೆ. ಇನ್ನೊಂದು ಲಾಭ ಜನರಿಗೆ ಹೊಳೆಯಲ್ಲ. ಆರು ತಿಂಗಳ ನಂತರ ಯಾರಿಗೋ ನಿಮ್ಮ ಹೆಸರು ಮರೆತುಹೋಗಿರುತ್ತೆ, "ಆ ಸ್ಪೇರ್ ಲೆಕ್ಕದವರು" ಅಂತಷ್ಟೇ ನೆನಪು. ಅವರು ತಮ್ಮ ಮೇಲ್‌ಬಾಕ್ಸ್‌ನಲ್ಲಿ "ಸ್ಪೇರ್" ಅಂತ ಹುಡುಕಿದರೆ ನಿಮ್ಮ ಮೇಲ್ ಸಿಗಬೇಕು. ಸಹಿಯಲ್ಲಿ ಆ ಪದ ಇದ್ದರೆ, ಊಟಕ್ಕೆ ಯಾವಾಗ ಸಿಗೋಣ ಅಂತ ಬರೆದ ಮೇಲ್ ಕೂಡ ಸಿಗುತ್ತೆ.

ಅದಕ್ಕೇ ಟ್ಯಾಗ್‌ಲೈನ್‌ನ ಚಿತ್ರ ಮಾಡಿ ಹಾಕಬೇಡಿ. ಡಿಸೈನರ್ ಚೆಂದದ ಬ್ಯಾನರ್ ಮಾಡಿ ಕೊಟ್ಟಿರುತ್ತಾರೆ, ಲೋಗೋ, ಬಣ್ಣ, ಅದರೊಳಗೆ ನಿಮ್ಮ ಸಾಲು. ಹೊರಗಿನಿಂದ ಬರುವ ಚಿತ್ರಗಳನ್ನು ಔಟ್‌ಲುಕ್ ಸಾಮಾನ್ಯವಾಗಿ ತಾನಾಗಿ ತೋರಿಸಲ್ಲ, ಖಾಲಿ ಡಬ್ಬಿ ಕಾಣುತ್ತೆ. ಹಿನ್ನೆಲೆ ಇಲ್ಲದ ಕಪ್ಪು ಅಕ್ಷರದ ಲೋಗೋ ಆದರೆ ಡಾರ್ಕ್ ಮೋಡ್‌ನಲ್ಲಿ ಕಪ್ಪಲ್ಲಿ ಕಪ್ಪಾಗಿ ಮಾಯ. ಚಿತ್ರದೊಳಗಿನ ಪದ ಹುಡುಕಿದರೂ ಸಿಗುತ್ತೆ ಅನ್ನೋ ಭರವಸೆ ಇಲ್ಲ. ಬರೀ ಅಕ್ಷರ ಸಾಕು, ನಾಲ್ಕು ಸಾಲು ಸಾಕು. ಈ ನಾಲ್ಕು ಸಾಲಿನ ಮಾತು ನನ್ನದಲ್ಲ, 1995ರಷ್ಟು ಹಿಂದೆಯೇ ಇಂಟರ್ನೆಟ್ ಶಿಷ್ಟಾಚಾರದ ಟಿಪ್ಪಣಿ RFC 1855ರಲ್ಲಿ ಬಂದದ್ದು.

ಮೇಲಿನ ಸಹಿಯ ಮೊದಲ ಸಾಲಿನಲ್ಲಿ ಎರಡು ಅಡ್ಡಗೆರೆ ಇದೆಯಲ್ಲ, ಅದರ ನಂತರ ಒಂದು ಖಾಲಿ ಜಾಗವೂ ಇದೆ, ಅದು ಸಹಿ ಇಲ್ಲಿಂದ ಶುರು ಅನ್ನುವ ಹಳೇ ಗುರುತು. ಕೆಲವು ಮೇಲ್ ಪ್ರೋಗ್ರಾಂಗಳು ಇದನ್ನು ನೋಡಿ, ಉತ್ತರ ಬರೆಯುವಾಗ ಅದರ ಕೆಳಗಿನದ್ದನ್ನೆಲ್ಲ ತೆಗೆದುಬಿಡುತ್ತವೆ, ಮೇಲ್ ಸರಪಳಿ ಉದ್ದ ಆಗದೇ ಇರಲಿ ಅಂತ. ಜಿಮೇಲ್‌ನ ಕಥೆ ಸ್ವಲ್ಪ ಬೇರೆ. ನೀವು ಉತ್ತರ ಬರೆದಾಗ ಅದು ಸಹಿಯನ್ನು ಹಳೇ ಮೇಲ್‌ನ ಕೆಳಗೆ, ತೀರಾ ತಳಕ್ಕೆ ತಳ್ಳಬಹುದು, ಯಾರ ಕಣ್ಣಿಗೂ ಬೀಳಲ್ಲ. ಸೆಟ್ಟಿಂಗ್ಸ್‌ನಲ್ಲಿ ಸಹಿ ಬರೆಯುವ ಡಬ್ಬಿಯ ಕೆಳಗೇ ಒಂದು ಟಿಕ್ ಗುರುತು ಇದೆ, ಅದನ್ನು ಒತ್ತಿದರೆ ಸಹಿ ಹಳೇ ಮೇಲ್‌ಗಿಂತ ಮೇಲೆ ಬರುತ್ತೆ, ಆ ಅಡ್ಡಗೆರೆಯೂ ಹೋಗುತ್ತೆ. ಹೊಸ ಮೇಲ್‌ಗೆ ಒಂದು ಸಹಿ, ಉತ್ತರಕ್ಕೆ ಇನ್ನೊಂದು ಅಂತಲೂ ಇಡಬಹುದು. ಉತ್ತರಕ್ಕೆ ಹೆಸರು ಮತ್ತು ಟ್ಯಾಗ್‌ಲೈನ್ ಮಾತ್ರ ಇಡಿ, ಫೋನ್ ಬೇಡ. ಎಲ್ಲ ಮಾಡಿದ ಮೇಲೆ ನಿಮಗೇ ಒಂದು ಮೇಲ್ ಕಳಿಸಿಕೊಳ್ಳಿ, ಅದಕ್ಕೆ ಉತ್ತರ ಬರೆಯಿರಿ, ಅದನ್ನು ಸ್ನೇಹಿತರೊಬ್ಬರಿಗೆ ಫಾರ್ವರ್ಡ್ ಮಾಡಿ ಅವರ ಫೋನಿನಲ್ಲಿ ನೋಡಿ. ನಿಮ್ಮ ಫೋನಿನಿಂದಲೂ ಒಂದು ಕಳಿಸಿ. ಅಲ್ಲಿನ ಸಹಿ ಬೇರೆಯೇ ಇರಬಹುದು, "Sent from my iPhone" ಅಂತ. ವರ್ಷಗಟ್ಟಲೆ ಕಾಸು ತೆಗೆದುಕೊಳ್ಳದೆ ಐಫೋನ್‌ಗೆ ಜಾಹೀರಾತು ಕೊಡುತ್ತಾ ಬಂದವರು ನನಗೆ ಬೇಕಾದಷ್ಟು ಜನ ಗೊತ್ತು.

ಅಂಕಿ ಹಾಕಬಹುದಾ ಅಂತಲೂ ಕೇಳ್ತಾರೆ, "ಸ್ಟಾಕ್ ಮೂರನೇ ಒಂದು ಭಾಗ ಇಳಿಸಿದೆ" ಅನ್ನೋ ಥರ. ನಿಜ ಇದ್ದರೆ, ಆ ಗ್ರಾಹಕರು ಒಪ್ಪಿದರೆ, ಪ್ರೊಫೈಲ್‌ನ ಒಳಗೆ ಕೆಲಸದ ವಿವರದಲ್ಲಿ ಹಾಕಿ. ಅಲ್ಲಿ ಯಾವ ಪರಿಸ್ಥಿತಿಯಲ್ಲಿ ಅಷ್ಟಾಯಿತು ಅಂತ ಹೇಳೋಕೆ ಜಾಗ ಇರುತ್ತೆ. ಸಹಿಯಲ್ಲಿ ಬೇಡ. ಹೆಸರು ಹಾಕದಿದ್ದರೂ ಒಂದೇ ಉದ್ಯಮದವರಿಗೆ ಅದು ಯಾರ ಸ್ಟೋರ್ ಅಂತ ಗೊತ್ತಾಗಿಬಿಡುತ್ತೆ, ನೀವು ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದರಂತೂ ಕೇಳೋದೇ ಬೇಡ. "ಸಂಸ್ಥಾಪಕಿ ಮತ್ತು ಸಿಇಒ" ಕೂಡ ಬೇಡ. ಒಬ್ಬರೇ ಇದ್ದೀರಿ ಅನ್ನೋದು ಮೊದಲ ಮೀಟಿಂಗ್‌ನಲ್ಲೇ ಗೊತ್ತಾಗುತ್ತೆ.

ಆ ಎಡವಟ್ಟಿನ ವಿಷಯ. "ಕಾರ್ಖಾನೆಗಳ ಸ್ಪೇರ್ ಪಾರ್ಟ್ಸ್: ಬೇಡದ್ದು ಕಡಿಮೆ…" ಅಂತ ಹಾಕಿದ ಮೇಲೆ ವಿಚಾರಣೆಗಳು ಜಾಸ್ತಿ ಆದವು, ಅವರಿಗೆ ಖುಷಿಯೋ ಖುಷಿ. ಆಮೇಲೆ ನೋಡಿದರೆ ಅರ್ಧ ಜನ ಬೇರಿಂಗ್ ರೇಟ್ ಕೇಳುವವರು. ಫೋನಿನಲ್ಲಿ ಸಾಲು ಕತ್ತರಿಸಿ "ಕಾರ್ಖಾನೆಗಳ ಸ್ಪೇರ್ ಪಾರ್ಟ್ಸ್…" ಅಂತ ನಿಲ್ಲುತ್ತಿತ್ತು, ಅಂಗಡಿ ಅಂದುಕೊಂಡರು, ಅವರದ್ದೇನೂ ತಪ್ಪಿಲ್ಲ. ಸಾಲು ಕೆಲಸ ಮಾಡ್ತಿದೆಯಾ ಅಂತ ತಿಳಿಯೋಕೆ ಎಷ್ಟು ಜನ ಬಂದರು ಅಂತ ಎಣಿಸಿದರೆ ಸಾಲದು, ಬಂದವರು ಏನು ಕೇಳಿಕೊಂಡು ಬಂದರು ಅಂತ ನೋಡಬೇಕು. ಪದಗಳ ಜಾಗ ಅದಲುಬದಲು ಮಾಡಿದೆವು, ಅಷ್ಟೇ: "ಸ್ಪೇರ್ ಸ್ಟಾಕ್ ಸಲಹೆಗಾರ್ತಿ, ಕಾರ್ಖಾನೆಗಳಿಗೆ. ಬೇಡದ್ದು ಕಡಿಮೆ, ಬೇಕಾದ್ದು ಕೈಗೆ ಸಿಗುವ ಹಾಗೆ." ಈಗ ಎಲ್ಲಿ ಕತ್ತರಿಸಿದರೂ "ಸಲಹೆಗಾರ್ತಿ" ಅನ್ನೋ ಪದ ಒಳಗೇ ಉಳಿಯುತ್ತೆ. ರೇಟ್ ಕೇಳುವವರು ಪೂರ್ತಿ ನಿಂತಿಲ್ಲ, ಆಗೊಬ್ಬರು ಈಗೊಬ್ಬರು ಬರ್ತಾರೆ, ಅವರನ್ನು ಇವರು ತಮಗೆ ಗೊತ್ತಿರುವ ಡೀಲರ್ ಹತ್ತಿರ ಕಳಿಸುತ್ತಾರೆ.