ಓಟದ ಫೈಲ್ ಬಿಚ್ಚಿ ನೋಡಿದ್ದು: ಕುಣಿಯುವ ಪೇಸ್, ಅಲ್ಲಾಡದ ಸರಾಸರಿ, ಮತ್ತೆ ಆಟೋ-ಪಾಜ್

ಫೋನಿನ ಆ್ಯಪ್ ತೋರಿಸುವ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿಯುವ ಸಮಯ, ನಂಬುವ ಬದಲು, ಓಟದ ದಾರಿ ದಾಖಲಾಗಿರುವ ಅದರ GPX ಫೈಲ್ ಇಳಿಸಿಕೊಂಡು ನಾನೇ ಲೆಕ್ಕ ಹಾಕುವ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಈ ಸಲ ಅದು ಒಂದು ಹದಕ್ಕೆ ಬಂದಿದೆ. ಇದಕ್ಕೆ ಕಾರಣ ನನ್ನ ಜೊತೆ ಓಡುವ ಗೆಳೆಯ ಕೇಳಿದ ಪ್ರಶ್ನೆ. "ಇಬ್ಬರೂ ಒಟ್ಟಿಗೆ 8 ಕಿ.ಮೀ. ಓಡಿದ್ವಿ. ನನ್ನ ಫೋನಲ್ಲಿ ಸರಾಸರಿ 6:00 ಇದೆ, ನಿಂದರಲ್ಲಿ 6:25. ಯಾವುದೋ ಸರಿ?" ಎರಡೂ ಸರಿ. ಅದು ಹೇಗೆ ಅಂತ ಕೊನೆಯ ಭಾಗದಲ್ಲಿ ಬರುತ್ತದೆ. ಅದಕ್ಕಿಂತ ಮೊದಲು ಕ್ಷಣಕ್ಷಣದ ಪೇಸ್ ಹೇಗೆ ಹುಟ್ಟುತ್ತದೆ ಅಂತ ನೋಡಬೇಕು.

ಕ್ಷಣದ ಪೇಸ್

ನಮ್ಮ ದಾರಿ ಜಯನಗರದಿಂದ ಸೌತ್ ಎಂಡ್ ಸರ್ಕಲ್ ದಾಟಿ, ಆರ್.ವಿ. ರಸ್ತೆಯಲ್ಲಿ ಲಾಲ್‌ಬಾಗ್‌ವರೆಗೆ. ಈ ರಸ್ತೆಯ ಉದ್ದಕ್ಕೂ ತಲೆಯ ಮೇಲೆ ಮೆಟ್ರೋದ ಕಾಂಕ್ರೀಟ್ ಸೇತುವೆ ಇದೆ. ಜಿಪಿಎಸ್ ಪರೀಕ್ಷೆಗೆ ಇದಕ್ಕಿಂತ ಕಷ್ಟದ ಜಾಗ ಬೇಡ.

ಫೈಲ್‌ನಲ್ಲಿ ಸೆಕೆಂಡಿಗೊಂದು `<trkpt>` ಇರುತ್ತದೆ. ಅಂದರೆ ಒಂದು ಬಿಂದು, ಅದರ ಸಮಯ. ಎರಡು ಬಿಂದುಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿದರೆ ವೇಗ ಸಿಗುತ್ತದೆ, ಅದನ್ನು ತಿರುಗಿಸಿದರೆ ಪೇಸ್. ಕೇಳುವುದಕ್ಕೆ ಸರಳ, ಅಲ್ವಾ? ತೊಂದರೆ ಇರುವುದು ಅಳತೆಯ ಗಾತ್ರದಲ್ಲಿ. ಕಿಲೋಮೀಟರಿಗೆ 6 ನಿಮಿಷದ ಪೇಸ್‌ನಲ್ಲಿ ಓಡುವವರು ಒಂದು ಸೆಕೆಂಡಿನಲ್ಲಿ ದಾಟುವುದು ಬರೀ 2.78 ಮೀಟರ್. ಎರಡು ಬಿಂದುಗಳ ನಡುವಿನ ದೂರದಲ್ಲಿ ಒಂದೇ ಒಂದು ಮೀಟರ್ ಹೆಚ್ಚುಕಮ್ಮಿ ಆದರೆ ಸಾಕು. 3.78 ಮೀಟರ್ ಅಂತ ಬಂದರೆ ಪೇಸ್ 4:25. 1.78 ಅಂತ ಬಂದರೆ 9:22. ಓಡುವವರ ಕಾಲು ಒಂದೇ ಲಯದಲ್ಲಿದೆ, ಸ್ಕ್ರೀನ್ ಮಾತ್ರ ಹಾರಾಡುತ್ತಿದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಜಿಪಿಎಸ್ ನಾಲ್ಕು ಮೀಟರ್ ಪಕ್ಕಕ್ಕೆ ತೋರಿಸಿದ ಮಾತ್ರಕ್ಕೆ ಪೇಸ್ ಕೆಡುವುದಿಲ್ಲ. ಮುಂದಿನ ಸೆಕೆಂಡಿನಲ್ಲೂ ಅದೇ ದಿಕ್ಕಿಗೆ ಅಷ್ಟೇ ತಪ್ಪು ಇದ್ದರೆ, ಎರಡು ಬಿಂದುಗಳ ನಡುವಿನ ದೂರ ಸರಿಯಾಗಿಯೇ ಇರುತ್ತದೆ. ಬಯಲಿನಲ್ಲಿ ಹೆಚ್ಚಾಗಿ ಹೀಗೇ ಆಗುತ್ತದೆ. ಮ್ಯಾಪ್‌ನಲ್ಲಿ ಗೆರೆ ರಸ್ತೆ ಪಕ್ಕದ ಮನೆಗಳ ಮೇಲೆ ಹೋಗುತ್ತಿದ್ದರೂ ಪೇಸ್ ಚೆನ್ನಾಗಿರಬಹುದು. ಕೆಡುವುದು ತಪ್ಪು *ಬದಲಾದಾಗ*. ಸೇತುವೆಯ ಕೆಳಗೆ ಕೆಲವು ಉಪಗ್ರಹಗಳ ಸಿಗ್ನಲ್ ನೇರವಾಗಿ ಬರದೆ ಕಾಂಕ್ರೀಟಿಗೆ, ಕಟ್ಟಡಗಳಿಗೆ ಬಡಿದು ಸುತ್ತಿ ಬರುತ್ತದೆ. ಒಂದು ಕಂಬ ದಾಟಿದರೆ ಯಾವ ಸಿಗ್ನಲ್ ನೇರ, ಯಾವುದು ಸುತ್ತು ಅನ್ನುವುದು ಬದಲಾಗುತ್ತದೆ. ಆಗ ಬಿಂದು ಜಿಗಿಯುತ್ತದೆ. ನನ್ನ ಫೈಲ್‌ನಲ್ಲಿ ಅತಿ ಕೆಟ್ಟ ಪೇಸ್‌ಗಳೆಲ್ಲ ಇದೇ ರಸ್ತೆಯಲ್ಲಿ ಗುಂಪಾಗಿ ಕೂತಿವೆ. ಲಾಲ್‌ಬಾಗಿನ ಬಂಡೆಯ ಹತ್ತಿರ ಆಕಾಶ ತೆರೆದಿದೆ, ಅಲ್ಲಿ ಗೆರೆ ತಣ್ಣಗಾಗುತ್ತದೆ. ಪೇಸ್ ಕುಣಿತ ಕಾಲಿನದ್ದೋ ಜಿಪಿಎಸ್‌ನದ್ದೋ ಅಂತ ತಿಳಿಯಲು ಇದೇ ಒಳ್ಳೆಯ ದಾರಿ. ಪ್ರತಿ ಸಲವೂ ಅದೇ ಜಾಗದಲ್ಲಿ ಕುಣಿದರೆ ಅದು ಜಾಗದ ತಪ್ಪು.

ಕಿಟಕಿ ಎಷ್ಟು ದೊಡ್ಡದಿರಬೇಕು

ಇದಕ್ಕೆ ಎಲ್ಲರೂ ಮಾಡುವ ಉಪಾಯ ಒಂದೇ. ಒಂದು ಸೆಕೆಂಡಿನ ಬದಲು ಹಿಂದಿನ ಕೆಲವು ಸೆಕೆಂಡುಗಳ ದೂರ ತೆಗೆದುಕೊಳ್ಳುವುದು. ಆ ಸೆಕೆಂಡುಗಳ ತುಂಡೇ ಕಿಟಕಿ. 20 ಸೆಕೆಂಡಿಗೆ 55.6 ಮೀಟರ್ ಆಗುತ್ತದೆ. ಎರಡು ತುದಿಯ ನಡುವೆ ಅದೇ ಒಂದು ಮೀಟರ್ ತಪ್ಪಿದ್ದರೂ ಈಗ ಪೇಸ್ 5:53ರಿಂದ 6:07ರ ಒಳಗೇ ಇರುತ್ತದೆ. ಇದು ಓಡುವಾಗ ನೋಡಬಹುದಾದ ಸಂಖ್ಯೆ.

ಆದರೆ ಇದಕ್ಕೆ ತೆರಬೇಕಾದ ಬೆಲೆ ಇದೆ. ಓಟಗಾರ ವೇಗ ಹೆಚ್ಚಿಸಿದರೆ 10 ಸೆಕೆಂಡ್ ಆದ ಮೇಲೆ ಬದಲಾವಣೆಯ ಅರ್ಧ ಮಾತ್ರ ಕಾಣುತ್ತದೆ. ಪೂರ್ತಿ ಕಾಣಲು 20 ಸೆಕೆಂಡ್ ಬೇಕು. ಅಷ್ಟರಲ್ಲಿ ಚಿಕ್ಕ ಸ್ಪ್ರಿಂಟ್ ಮುಗಿದೇ ಹೋಗಿರುತ್ತದೆ. 10 ಸೆಕೆಂಡಿನ ಕಿಟಕಿ ಬೇಗ ಸ್ಪಂದಿಸುತ್ತದೆ, ಆದರೆ ಅದರಲ್ಲಿ ಕುಣಿತ ಎರಡರಷ್ಟು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಆ್ಯಪ್‌ಗಳು ಬೇರೆಬೇರೆಯಾಗಿ ವರ್ತಿಸುವುದರ ಹಿಂದೆ ಈ ಆಯ್ಕೆಯ ಪಾಲು ದೊಡ್ಡದು.

ಸ್ಕ್ರಿಪ್ಟಿನ ಮುಖ್ಯ ಭಾಗ ಇಷ್ಟೇ. `t` ಅಂದರೆ ಸೆಕೆಂಡು, `d` ಅಂದರೆ ಶುರುವಿನಿಂದ ಅಲ್ಲಿಯವರೆಗಿನ ಒಟ್ಟು ಮೀಟರ್:

```python
def pace(sec, m):
    return sec / m * 1000 if m > 1 else None

for i in range(len(t)):
    j = i
    while j > 0 and t[i] - t[j] < 20:
        j -= 1
    rolling = pace(t[i] - t[j], d[i] - d[j])
    average = pace(t[i] - t[0], d[i] - d[0])
```

ಒಂದು ವಿಷಯ ಒತ್ತಿ ಹೇಳಬೇಕು. ಇಲ್ಲಿ ಒಟ್ಟು ಸಮಯವನ್ನು ಒಟ್ಟು ದೂರದಿಂದ ಭಾಗಿಸುತ್ತಿದ್ದೇನೆ. ಪ್ರತಿ ಸೆಕೆಂಡಿನ ಪೇಸ್ ತೆಗೆದು ಅವುಗಳ ಸರಾಸರಿ ಮಾಡುತ್ತಿಲ್ಲ. ಮೇಲಿನ 4:25 ಮತ್ತು 9:22 ತೆಗೆದುಕೊಳ್ಳಿ. ಅವೆರಡರ ಸರಾಸರಿ ಸುಮಾರು 6:53 ಬರುತ್ತದೆ, ನಿಜವಾದ ಪೇಸ್ 6:00. ಪೇಸ್ ಅನ್ನುವುದು ವೇಗದ ತಲೆಕೆಳಗು, ಹಾಗಾಗಿ ನಿಧಾನದ ಕಡೆಯ ತಪ್ಪು ಉಬ್ಬಿ ಕಾಣುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಪೇಸ್ ಕಾಲಂಗೆ ಸುಮ್ನೆ `AVERAGE` ಹಾಕಿ, ಆ್ಯಪ್‌ಗೂ ತಮಗೂ ತಾಳೆ ಆಗುತ್ತಿಲ್ಲ ಅನ್ನುವವರು ಮೊದಲು ಇದನ್ನು ನೋಡಬೇಕು.

ಸರಾಸರಿ ಯಾಕೆ ಅಲ್ಲಾಡುವುದಿಲ್ಲ

`average` ಸಾಲಿನಲ್ಲಿ ಕಿಟಕಿಯ ಹಿಂತುದಿ ಯಾವಾಗಲೂ ಶುರುವಿನಲ್ಲೇ ಇದೆ. ಓಡುತ್ತಾ ಹೋದಂತೆ ಕಿಟಕಿ ಉದ್ದವಾಗುತ್ತಲೇ ಇರುತ್ತದೆ. ಕ್ರಿಕೆಟ್‌ನ ರನ್ ರೇಟ್ ತರಹ: ಐದನೇ ಓವರಿನಲ್ಲಿ 20 ರನ್ ಬಂದರೆ ರೇಟ್ ಜಿಗಿಯುತ್ತದೆ, 45ನೇ ಓವರಿನಲ್ಲಿ ಅದೇ 20 ಬಂದರೆ ಸ್ವಲ್ಪ ಮಿಸುಕುತ್ತದೆ ಅಷ್ಟೇ.

ಲೆಕ್ಕದಲ್ಲಿ ನೋಡೋಣ. ಮೊದಲ 500 ಮೀಟರ್ 6:00 ಪೇಸ್‌ನಲ್ಲಿ ಓಡಿ, ಆಮೇಲೆ 200 ಮೀಟರ್ 5:00ರಲ್ಲಿ ಓಡಿದರೆ, ಸರಾಸರಿ 5:43ಕ್ಕೆ ಇಳಿಯುತ್ತದೆ. ಅದೇ 5 ಕಿ.ಮೀ. 6:00ರಲ್ಲಿ ಓಡಿದ ಮೇಲೆ ಇಡೀ ಒಂದು ಕಿಲೋಮೀಟರ್ 5:00ರಲ್ಲಿ ಓಡಿದರೂ ಸರಾಸರಿ 5:50. ಕೊನೆಯಲ್ಲಿ ಎಷ್ಟು ಬೆವರು ಸುರಿಸಿದರೂ ಸಂಖ್ಯೆ ತೆವಳುತ್ತದೆ. ಇದು ತಪ್ಪಲ್ಲ, ಅದರ ಕೆಲಸವೇ ಅದು. ಇಡೀ ಓಟದ ಸಾರಾಂಶ ಹೇಳುವ ಸಂಖ್ಯೆಯನ್ನು ಈಗಿನ ವೇಗ ತಿಳಿಯಲು ಬಳಸಬಾರದು.

ಇವೆರಡರ ನಡುವೆ ಇರುವುದು ಲ್ಯಾಪ್ ಪೇಸ್. ಪ್ರತಿ ಕಿಲೋಮೀಟರಿಗೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮೊದಲ 100 ಮೀಟರ್ ಸ್ವಲ್ಪ ಕುಣಿದು, ಆಮೇಲೆ ನೆಲೆ ನಿಲ್ಲುತ್ತದೆ. ಓಡುವಾಗ ನಾನು ಈಗ ದೊಡ್ಡ ಅಕ್ಷರದಲ್ಲಿ ಇಟ್ಟುಕೊಂಡಿರುವುದು ಇದನ್ನೇ.

ಆಟೋ-ಪಾಜ್

ಸೆಟ್ಟಿಂಗ್ಸ್‌ನಲ್ಲಿ `Auto-Pause` ಅಂತ ಇರುತ್ತದಲ್ಲ, ಅದು ವೇಗ ಒಂದು ಮಿತಿಗಿಂತ ಕೆಳಗಿಳಿದರೆ ಗಡಿಯಾರ ನಿಲ್ಲಿಸುತ್ತದೆ, ಮೇಲೆ ಬಂದರೆ ಮತ್ತೆ ಓಡಿಸುತ್ತದೆ. ಗೆಳೆಯನ ಫೋನಲ್ಲಿ ಇದು ಆನ್ ಇತ್ತು, ನನ್ನದರಲ್ಲಿ ಆಫ್. ಓಡಿದ ಸಮಯ 48:00. ಟ್ರಾಫಿಕ್ ಸಿಗ್ನಲ್‌ಗಳಲ್ಲಿ, ನೀರು ಕುಡಿಯಲು ನಿಂತದ್ದು ಒಟ್ಟು 3:20. 48:00ನ್ನು 8ರಿಂದ ಭಾಗಿಸಿದರೆ 6:00. 51:20ನ್ನು ಭಾಗಿಸಿದರೆ 6:25. ಒಂದು ಚಲಿಸಿದ ಸಮಯದ ಪೇಸ್, ಇನ್ನೊಂದು ಕಳೆದ ಸಮಯದ ಪೇಸ್. ರೇಸ್‌ನಲ್ಲಿ ಲೆಕ್ಕಕ್ಕೆ ಬರುವುದು ಎರಡನೆಯದೇ, ಅಲ್ಲಿ ಗಡಿಯಾರ ಯಾರಿಗೂ ಕಾಯುವುದಿಲ್ಲ.

ನಿಂತಿದ್ದನ್ನು ಆ್ಯಪ್ ಕಂಡುಹಿಡಿಯಲು ಕೆಲವು ಸೆಕೆಂಡ್ ಬೇಕು, ಹೊರಟಿದ್ದನ್ನು ಕಂಡುಹಿಡಿಯಲೂ ಬೇಕು. ನಿಂತ ಮೇಲೆ 4 ಸೆಕೆಂಡ್ ಜಾಸ್ತಿ ಎಣಿಸಿ, ಹೊರಟ ಮೇಲೆ 3 ಸೆಕೆಂಡ್ ಬಿಟ್ಟರೆ ಒಂದಕ್ಕೊಂದು ಹೆಚ್ಚುಕಮ್ಮಿ ಸರಿಹೋಗುತ್ತದೆ. ನಾನು ಇದೇ ದೊಡ್ಡ ತೊಂದರೆ ಇರಬಹುದು ಅಂತ ಹುಡುಕಿದೆ, ಅಷ್ಟೇನಿಲ್ಲ. ದೊಡ್ಡ ತೊಂದರೆ ಇರುವುದು ನಿಧಾನ ನಡಿಗೆಯಲ್ಲಿ.

ಲಾಲ್‌ಬಾಗಿನ ಬಂಡೆ ಹತ್ತುವಾಗ ಏದುಸಿರು ಬಿಡುತ್ತಾ ಕಿಲೋಮೀಟರಿಗೆ 20 ನಿಮಿಷದ ಲೆಕ್ಕದಲ್ಲಿ ನಡೆದೆವು ಅಂದುಕೊಳ್ಳಿ. 100 ಮೀಟರಿಗೆ 2 ನಿಮಿಷ ಬೇಕು. ಆಟೋ-ಪಾಜ್‌ನ ಮಿತಿ ಈ ನಡಿಗೆಯ ವೇಗಕ್ಕಿಂತ ಮೇಲಿದ್ದರೆ ಆ್ಯಪ್ ಇದನ್ನು ನಿಂತಿದ್ದು ಅಂತ ತಿಳಿಯುತ್ತದೆ. ಮತ್ತೆ ಓಡಲು ಶುರು ಮಾಡಿದಾಗ, ನಿಂತ ಬಿಂದುವಿನಿಂದ ಹೊರಟ ಬಿಂದುವಿಗೆ ನೇರ ಗೆರೆ ಎಳೆದು ಆ 100 ಮೀಟರನ್ನು ದೂರಕ್ಕೆ ಸೇರಿಸಿತು ಅನ್ನಿ. ದೂರ ಬಂತು, ಸಮಯ ಬರಲಿಲ್ಲ! ಅದಕ್ಕೂ ಮೊದಲು 5 ಕಿ.ಮೀ. 30:00ಕ್ಕೆ ಓಡಿದ್ದರೆ, ಸರಾಸರಿ 5:53 ಅಂತ ತೋರಿಸುತ್ತದೆ. ನಿಜವಾಗಿ ಅದು 6:16. ನಡೆದಿದ್ದಕ್ಕೆ ಪೇಸ್ ಸುಧಾರಿಸಿತು ಅನ್ನುವ ವಿಚಿತ್ರ ಇಲ್ಲಿ ಹುಟ್ಟುತ್ತದೆ. ಗೆರೆ ಸೇರಿಸದ ಆ್ಯಪ್ ಆದರೆ ಪೇಸ್ ಉಳಿಯುತ್ತದೆ, ದೂರ 100 ಮೀಟರ್ ಕಮ್ಮಿಯಾಗುತ್ತದೆ.

ಹಾಗಂತ ಆಟೋ-ಪಾಜ್ ಆಫ್ ಮಾಡಿದರೆ ಎಲ್ಲ ಸರಿ ಅಂತಲ್ಲ. ಸಿಗ್ನಲ್‌ನಲ್ಲಿ ಸುಮ್ಮನೆ ನಿಂತಿರುವಾಗಲೂ ಬಿಂದು ಅತ್ತಿತ್ತ ಅಲೆಯುತ್ತದೆ. ಆ ಅಲೆದಾಟವೂ ದೂರಕ್ಕೆ ಸೇರುತ್ತದೆ. ಮ್ಯಾಪ್ ಹಿಗ್ಗಿಸಿ ನೋಡಿದರೆ ನಿಂತ ಜಾಗದಲ್ಲಿ ಗೆರೆ ಸಿಕ್ಕುಸಿಕ್ಕಾಗಿ ಕಾಣುತ್ತದೆ.

ಕ್ಷಣದ ಪೇಸ್ ಮೇಲೂ ಪರಿಣಾಮ ಇದೆ. 10 ಸೆಕೆಂಡಿನ ಕಿಟಕಿಯಲ್ಲಿ ನಿಂತ ಸೆಕೆಂಡುಗಳು ಉಳಿದುಕೊಂಡಿದ್ದರೆ, ಹೊರಟು 5 ಸೆಕೆಂಡ್ ಆದಾಗ ಅರ್ಧ ಕಿಟಕಿ ಖಾಲಿ. ಓಡುತ್ತಿರುವುದು 6:00, ತೋರಿಸುವುದು 12:00. ಇದನ್ನು ನೋಡಿ ಗಾಬರಿಯಾಗಿ ಜೋರಾಗಿ ಓಡಿದರೆ, ಕಿಟಕಿ ತುಂಬುವ ಹೊತ್ತಿಗೆ ಉಸಿರು ಕಟ್ಟಿರುತ್ತದೆ. ಅದಕ್ಕೇ ನನ್ನ ಸ್ಕ್ರಿಪ್ಟ್‌ನಲ್ಲಿ ಪಾಜ್ ಸಿಕ್ಕ ಕೂಡಲೇ ಕಿಟಕಿಯನ್ನು ಖಾಲಿ ಮಾಡಿ, ಹೊರಟ ಬಿಂದುವಿನಿಂದ ಹೊಸದಾಗಿ ತುಂಬಿಸುತ್ತೇನೆ. ಮೊದಲ ಐದಾರು ಸೆಕೆಂಡ್ ಏನೂ ತೋರಿಸುವುದಿಲ್ಲ.

ಪಾಜ್ ಎಲ್ಲಿ ಆಯಿತು ಅಂತ ಗುರುತಿಸುವುದು ಸ್ವಲ್ಪ ತಲೆಬಿಸಿಯ ಕೆಲಸ. ಕೆಲವು ಆ್ಯಪ್ ಅಲ್ಲಿಂದ ಗೆರೆಯ ಹೊಸ ತುಂಡು, ಅಂದರೆ ಹೊಸ `<trkseg>` ಶುರು ಮಾಡುತ್ತವೆ, ಆಗ ಸುಲಭ. ಇಲ್ಲದಿದ್ದರೆ ಸಮಯದ ಅಂತರ ನೋಡಬೇಕು. ಆದರೆ ಫೈಲ್ ಚಿಕ್ಕದಾಗಿಡಲು ನೇರ ರಸ್ತೆಯಲ್ಲಿ ಕಮ್ಮಿ ಬಿಂದು ಬರೆಯುವ ಸಾಧನಗಳೂ ಇವೆ, ಅಲ್ಲಿ ಕೆಲವು ಸೆಕೆಂಡ್ ಅಂತರ ಮಾಮೂಲು. ಹಾಗಾಗಿ ಎರಡನ್ನೂ ಒಟ್ಟಿಗೆ ನೋಡುತ್ತೇನೆ. ಅಂತರ ದೊಡ್ಡದಿದ್ದು ದೂರ ಚಿಕ್ಕದಿದ್ದರೆ ನಿಂತಿದ್ದು. ಅಂತರಕ್ಕೆ ತಕ್ಕ ದೂರವೂ ಇದ್ದರೆ ಓಡುತ್ತಲೇ ಇದ್ದದ್ದು. ಬಂಡೆಯ ನಡಿಗೆ ಇವೆರಡರ ನಡುವೆ ಬರುತ್ತದೆ. ಅದಕ್ಕೆ ಮಾತ್ರ ಪಾಜ್ ಸಮಯವನ್ನು ವಾಪಸ್ ಸೇರಿಸುತ್ತೇನೆ.

ಈಗ ಸ್ಕ್ರಿಪ್ಟ್ ಪ್ರತಿ ಓಟಕ್ಕೂ ಎರಡು ಸರಾಸರಿ ಪಕ್ಕಪಕ್ಕ ಕೊಡುತ್ತದೆ, ನಿಂತಿದ್ದು ಸೇರಿಸಿ ಒಂದು, ಬಿಟ್ಟು ಒಂದು. ಮುಂದಿನ ಕೆಲಸ ಓಟ ದಾಖಲಿಸುವ ಇನ್ನೊಂದು ಬಗೆಯ ಫೈಲ್ ಆದ FIT ಓದಿಸುವುದು. ಜಿಪಿಎಸ್ ಚಿಪ್, ಚಲಿಸುವಾಗ ಸಿಗ್ನಲ್‌ನ ಆವರ್ತನದಲ್ಲಾಗುವ ಡಾಪ್ಲರ್ ಬದಲಾವಣೆಯಿಂದ ವೇಗವನ್ನು ನೇರವಾಗಿ ಅಳೆಯಬಲ್ಲದು, ಬಿಂದುಗಳ ವ್ಯತ್ಯಾಸಕ್ಕಿಂತ ಅದು ಸಾಮಾನ್ಯವಾಗಿ ಸ್ಥಿರ. ನನ್ನ GPX ಫೈಲ್‌ಗಳಲ್ಲಿ ವೇಗದ ಅಂಕಿಯೇ ಇಲ್ಲ, FITನಲ್ಲಿ `enhanced_speed` ಅಂತ ಪ್ರತ್ಯೇಕ ಕಾಲಂ ಇರುತ್ತದೆ. ಅದನ್ನು ಆರ್.ವಿ. ರಸ್ತೆಯ ತುಂಡಿನ ಮೇಲೆ ನನ್ನ 20 ಸೆಕೆಂಡಿನ ಕಿಟಕಿಯ ಜೊತೆ ಹೋಲಿಸಿ ನೋಡಬೇಕು.