ಹೊರವ್ಯಾಸಕ್ಕೆ ಕೂಡುವ ಆ ‘ಎರಡು’ ಎಲ್ಲಿಂದ ಬಂತು?

“ಗೇರಿನ ಹೊರವ್ಯಾಸ ಲೆಕ್ಕ ಹಾಕುವಾಗ ಹಲ್ಲುಗಳ ಸಂಖ್ಯೆಗೆ ಎರಡು ಕೂಡಿಸುತ್ತೀರಿ, ಜೋಡಿ ಗೇರುಗಳ ಕೇಂದ್ರಾಂತರಕ್ಕೆ ಯಾಕೆ ಕೂಡಿಸುವುದಿಲ್ಲ?”

ಗೇರಿನ ಮೇಲೆ ಕಣ್ಣಿಗೆ ಕಾಣದ ಪಿಚ್ ವೃತ್ತದಿಂದಲೇ ಉತ್ತರವನ್ನು ಆರಂಭಿಸಬೇಕು. ಹಲ್ಲುಗಳೇ ಇಲ್ಲದ ಎರಡು ನುಣುಪಾದ ಉರುಳೆಗಳು ಒಂದಕ್ಕೊಂದು ತಾಗಿ, ಜಾರದೆ, ಗೇರುಗಳ ವೇಗದ ಅನುಪಾತದಲ್ಲಿಯೇ ಉರುಳುತ್ತಿವೆ ಎಂದುಕೊಂಡರೆ ಆ ಉರುಳೆಗಳ ಸುತ್ತಳತೆಯೇ ಪಿಚ್ ವೃತ್ತ. ಅದರ ವ್ಯಾಸವನ್ನು ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದಾಗ ಒಂದು ಹಲ್ಲಿನ ಪಾಲಿಗೆ ಬರುವ ಮಿಲಿಮೀಟರ್ ಎಷ್ಟೋ ಅದೇ ಮಾಡ್ಯೂಲ್. ಹಾಗಾಗಿ ಪಿಚ್ ವ್ಯಾಸವೆಂದರೆ ಮಾಡ್ಯೂಲ್ ಮತ್ತು ಹಲ್ಲುಗಳ ಸಂಖ್ಯೆಯ ಗುಣಲಬ್ಧ. ಇದು ಮಾಡ್ಯೂಲ್ ಎಂಬುದರ ಅರ್ಥದಲ್ಲಿಯೇ ಅಡಗಿದೆ.

ಹಲ್ಲು ಈ ವೃತ್ತದ ಮೇಲಕ್ಕೆ ಒಂದು ಮಾಡ್ಯೂಲಿನಷ್ಟು ಏಳುತ್ತದೆ, ಕೆಳಕ್ಕೆ ಸಾಮಾನ್ಯವಾಗಿ ಒಂದೂಕಾಲು ಮಾಡ್ಯೂಲಿನಷ್ಟು ಇಳಿಯುತ್ತದೆ. ವ್ಯಾಸವು ಎದುರುಬದುರಾದ ಎರಡೂ ಬದಿಗಳನ್ನು ದಾಟಿ ಹೋಗುವುದರಿಂದ ಹೊರವ್ಯಾಸಕ್ಕೆ ಎರಡು ಮಾಡ್ಯೂಲ್ ಸೇರುತ್ತದೆ. ಆ ‘ಎರಡು’ ಹುಟ್ಟುವುದು ಇಲ್ಲಿ. ಅದು ಎರಡು ಹೆಚ್ಚುವರಿ ಹಲ್ಲುಗಳಲ್ಲ, ಎರಡು ಬದಿಯ ಹಲ್ಲುಗಳ ಎತ್ತರ. ಕೇಂದ್ರಾಂತರದಲ್ಲಾದರೋ ತಾಗಬೇಕಾದದ್ದು ಪಿಚ್ ವೃತ್ತಗಳು, ಹಲ್ಲುಗಳ ತುದಿಗಳಲ್ಲ. ಆದ್ದರಿಂದ ಎರಡು ಪಿಚ್ ತ್ರಿಜ್ಯಗಳನ್ನು ಕೂಡಿದರೆ ಸಾಕು. ಕೆಳಗಿನ ಸೂತ್ರಗಳಲ್ಲಿ m ಎಂದರೆ ಮಾಡ್ಯೂಲ್, z ಹಲ್ಲುಗಳ ಸಂಖ್ಯೆ, d ಪಿಚ್ ವ್ಯಾಸ, da ಹೊರವ್ಯಾಸ, a ಕೇಂದ್ರಾಂತರ; z1 ಮತ್ತು z2 ಎರಡು ಗೇರುಗಳ ಹಲ್ಲುಗಳ ಸಂಖ್ಯೆ.

```
d  = m × z
da = m × (z + 2)
a  = m × (z1 + z2) / 2
```

ಮಾಡ್ಯೂಲ್ 2.5, ಪಿನಿಯನ್‌ಗೆ ಅಂದರೆ ಚಿಕ್ಕ ಗೇರಿಗೆ 18 ಹಲ್ಲು, ದೊಡ್ಡ ಗೇರಿಗೆ 54 ಹಲ್ಲು ಎಂದಿಟ್ಟುಕೊಳ್ಳೋಣ. ಪಿಚ್ ವ್ಯಾಸಗಳು 45 ಮತ್ತು 135 ಮಿ.ಮೀ., ಹೊರವ್ಯಾಸಗಳು 50 ಮತ್ತು 140 ಮಿ.ಮೀ., ಕೇಂದ್ರಾಂತರ 90 ಮಿ.ಮೀ. ಯಾರಾದರೂ ಹೊರವ್ಯಾಸಗಳನ್ನೇ ಕೂಡಿ ಅರ್ಧ ಮಾಡಿದರೆ 95 ಬರುತ್ತದೆ. ಆ ಅಂತರದಲ್ಲಿ ಶಾಫ್ಟುಗಳಿಗೆ ತೂತು ಕೊರೆದರೆ ಒಂದು ಹಲ್ಲಿನ ತುದಿ ಇನ್ನೊಂದರ ತುದಿಯನ್ನು ಸವರುತ್ತದೆ, ಅಷ್ಟೇ. ಹಲ್ಲು ಹಲ್ಲಿನೊಳಗೆ ಕೂರುವುದೇ ಇಲ್ಲ. 90ರಲ್ಲಿಟ್ಟಾಗ ಹಲ್ಲುಗಳು ಪರಸ್ಪರ 5 ಮಿ.ಮೀ. ಒಳಹೊಕ್ಕು, 5.625 ಮಿ.ಮೀ. ಆಳದ ಸಂದಿನಲ್ಲಿ ತುದಿಗೂ ಬುಡಕ್ಕೂ ನಡುವೆ 0.625 ಮಿ.ಮೀ. ಎಡೆ ಉಳಿಯುತ್ತದೆ. ಇದನ್ನು ಚಿತ್ರ ಬರೆದು ನೋಡಿದವರಿಗೆ ಸೂತ್ರವನ್ನು ಕಂಠಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲವೆಂದು ನನ್ನ ಅನಿಸಿಕೆ.

ಹಳೆಯ ಗೇರಿನ ಮಾಡ್ಯೂಲ್ ತಿಳಿಯಲು ಲೆಕ್ಕವನ್ನು ತಿರುಗಿಸಿ, ಅಳೆದ ಹೊರವ್ಯಾಸವನ್ನು ಹಲ್ಲುಗಳ ಸಂಖ್ಯೆಗೆ ಎರಡು ಕೂಡಿಸಿ ಬಂದದ್ದರಿಂದ ಭಾಗಿಸಬೇಕು. ಮೇಲಿನ ಪಿನಿಯನ್ ತುದಿ ಸವೆದು 49.9 ಮಿ.ಮೀ. ತೋರಿಸಿದರೆ 2.495 ಬರುತ್ತದೆ, ಅಂದರೆ 2.5. ಉತ್ತರ 2.54ರ ಹತ್ತಿರ ಬಂದರೆ ಮಾತ್ರ ಅದನ್ನು 2.5ಕ್ಕೆ ಇಳಿಸಬಾರದು, ಏಕೆಂದರೆ ಅದು ಇಂಚಿನ ಲೆಕ್ಕದ, ಡಯಾಮೆಟ್ರಲ್ ಪಿಚ್ 10ರ, ಅಂದರೆ ಪಿಚ್ ವ್ಯಾಸದ ಒಂದೊಂದು ಇಂಚಿಗೆ 10 ಹಲ್ಲಿನ ಗೇರ್ ಆಗಿರಬಹುದು. ಸಂದೇಹವಿದ್ದರೆ ಜೊತೆಯ ದೊಡ್ಡ ಗೇರನ್ನೂ ಅಳೆಯಬೇಕು: 54 ಹಲ್ಲುಗಳಿಗೆ ಒಂದು ಲೆಕ್ಕದಲ್ಲಿ 140, ಇನ್ನೊಂದರಲ್ಲಿ 142.24 ಮಿ.ಮೀ. ಬರುವುದರಿಂದ ವ್ಯತ್ಯಾಸ ವರ್ನಿಯರ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎರಡಕ್ಕೂ ಹೊಂದದ ಹೊರವ್ಯಾಸ ಸಿಕ್ಕರೆ, ಹಲ್ಲು ಕಡಿಯುವಾಗ ಕಟರನ್ನು ಬೇಕೆಂದೇ ಹೊರಗೆ ಅಥವಾ ಒಳಗೆ ಸರಿಸಿರುವ ಸಾಧ್ಯತೆಯಿದೆ. ಅಂಥ ಗೇರುಗಳ ಹೊರವ್ಯಾಸಕ್ಕೆ ಈ ಸರಳ ಸೂತ್ರ ಸಲ್ಲುವುದಿಲ್ಲ.